ಕಾಲುವೆಗೆ ನೀರು ಬಾರದ ವರ್ಷದ ಅಪ್ರೈಸಲ್

ಟಾರ್ಗೆಟ್ 2 ಕೋಟಿ 40 ಲಕ್ಷ. ಆಗಿದ್ದು 1 ಕೋಟಿ 58 ಲಕ್ಷ. ಅಂದರೆ ನೂರಕ್ಕೆ 66. ಬಹುತೇಕ ಕಂಪನಿಗಳ ಫಾರ್ಮಿನಲ್ಲಿ ಈ ಅಂಕಿಗೆ ಒಂದೇ ಜಾಗ, ‘ನಿರೀಕ್ಷೆಗಿಂತ ಕಡಿಮೆ’ ಅನ್ನುವ ಕಾಲಂ.

ಈಗ ಈ ಅಂಕಿ ಸಿಂಧನೂರು ಏರಿಯಾದಲ್ಲಿ ಭತ್ತದ ಔಷಧಿ ಮಾರುವ ಒಬ್ಬ ಸೇಲ್ಸ್ ಎಕ್ಸಿಕ್ಯುಟಿವ್‌ದು ಅಂತ ಇಟ್ಟುಕೊಳ್ಳಿ. ವರ್ಷ 2025-26. ಆ ವರ್ಷ ತುಂಗಭದ್ರಾ ಡ್ಯಾಮಿನ ಹಳೆಯ ಗೇಟುಗಳನ್ನು ಬದಲಿಸುವ ಕೆಲಸ ಇತ್ತು. ಹಾಗಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ನವೆಂಬರಿನಲ್ಲಿ ತೀರ್ಮಾನವಾಯಿತು. ಎಡದಂಡೆ ಕಾಲುವೆ ನಂಬಿದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಜನವರಿಯಲ್ಲಿ ನಾಟಿ ಇಲ್ಲ. ನಾಟಿ ಇಲ್ಲದಿದ್ದರೆ ಕಳೆನಾಶಕ ಇಲ್ಲ, ಬೆಂಕಿ ರೋಗದ ಔಷಧಿ ಇಲ್ಲ, ಜಿಗಿಹುಳುವಿಗೆ ಹೊಡೆಯುವ, ಇಲ್ಲಿನವರು ಎಣ್ಣಿ ಅನ್ನುವ ಔಷಧಿಯೂ ಇಲ್ಲ.

ಅಪ್ರೈಸಲಿಗೆ ಕೂತಾಗ ಆ ಎಕ್ಸಿಕ್ಯುಟಿವ್ ಕೇಳುವುದು ಇಷ್ಟೇ: “ಸರ್, ನೀರೇ ಇಲ್ಲಾಂದ್ರ ಎಣ್ಣಿ ಯಾರ್ ತಗೋತಾರ್ರಿ?”

ಇದಕ್ಕೆ ಮ್ಯಾನೇಜರುಗಳು ಸಾಮಾನ್ಯವಾಗಿ ಎರಡು ರೀತಿ ಉತ್ತರ ಕೊಡುತ್ತಾರೆ. ಒಬ್ಬರು “ಟಾರ್ಗೆಟ್ ಅಂದ್ರೆ ಟಾರ್ಗೆಟ್, ಕಾರಣ ಹೇಳಬೇಡಿ” ಅನ್ನುತ್ತಾರೆ. ಇನ್ನೊಬ್ಬರು “ಪಾಪ, ನಿಮ್ಮ ತಪ್ಪೇನಿಲ್ಲ ಬಿಡಿ” ಅಂತ ಹೋದ ವರ್ಷದ ರೇಟಿಂಗನ್ನೇ ಮತ್ತೆ ಬರೆದು ಕಳಿಸುತ್ತಾರೆ. ಇಬ್ಬರೂ ಲೆಕ್ಕ ಹಾಕುವ ಕೆಲಸ ತಪ್ಪಿಸಿಕೊಂಡಿರುತ್ತಾರೆ. ಕೊರತೆ ಬಿದ್ದದ್ದು 82 ಲಕ್ಷ. ಅದರಲ್ಲಿ ನೀರು ತಿಂದದ್ದೆಷ್ಟು, ಕಂಪನಿ ತಿಂದದ್ದೆಷ್ಟು, ಆ ಮನುಷ್ಯ ಬಿಟ್ಟದ್ದೆಷ್ಟು? ಇದನ್ನು ಬಿಡಿಸಬಹುದು. ಒಂದು ಸಂಜೆಯ ಕೆಲಸ, ಅಷ್ಟೆ. ಇಲ್ಲಿ ಕೊಡುವ ಮಾರಾಟದ ಮತ್ತು ಎಕರೆಯ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಲೆಕ್ಕದ ದಾರಿ ಮಾತ್ರ ಈ ಭಾಗದಲ್ಲಿ ನಿಜವಾಗಿ ನಡೆಯುವಂಥದ್ದು.

ಮೊದಲು ಟಾರ್ಗೆಟನ್ನೇ ಬಿಚ್ಚಿ

2 ಕೋಟಿ 40 ಲಕ್ಷ ಎಲ್ಲಿಂದ ಬಂತು ಅಂತ ನೋಡಬೇಕು. ಬಹಳ ಕಡೆ ಅದು “ಹೋದ ವರ್ಷದ್ದಕ್ಕೆ ನೂರಕ್ಕೆ 15 ಸೇರಿಸಿ” ಅಂತ ಹೆಡ್ ಆಫೀಸಿನಿಂದ ಇಳಿದು ಬಂದದ್ದೇ ಆಗಿರುತ್ತದೆ. ಹಾಗೆ ಬಂದಿದ್ದರೂ ಅದನ್ನು ಬೆಳೆವಾರು ಒಡೆಯಲು ಬರುತ್ತದೆ. ಯಾವ ತಿಂಗಳು ಯಾವ ಪ್ರಾಡಕ್ಟ್ ಎಷ್ಟು ಅಂತ ವರ್ಷದ ಪ್ಲಾನಿನಲ್ಲಿ ಇದ್ದೇ ಇರುತ್ತದಲ್ಲ.

ನಮ್ಮ ಉದಾಹರಣೆಯಲ್ಲಿ ಮುಂಗಾರು ಭತ್ತಕ್ಕೆ 1 ಕೋಟಿ 10 ಲಕ್ಷ ಇಟ್ಟಿದ್ದರು. ಎರಡನೇ ಬೆಳೆ ಭತ್ತಕ್ಕೆ 80 ಲಕ್ಷ. ಹತ್ತಿ, ತೊಗರಿ, ಮೆಣಸಿನಕಾಯಿ, ಜೋಳ ಎಲ್ಲ ಸೇರಿ 50 ಲಕ್ಷ. ಆಗಿದ್ದು ಕ್ರಮವಾಗಿ 1 ಕೋಟಿ, 12 ಲಕ್ಷ ಮತ್ತು 46 ಲಕ್ಷ.

ಇಷ್ಟು ಒಡೆದ ತಕ್ಷಣ ಒಂದು ವಿಷಯ ಕಾಣುತ್ತದೆ. ನೀರಿನ ಮಾತು ಎರಡನೇ ಬೆಳೆಗೆ ಮಾತ್ರ ಸಲ್ಲುತ್ತದೆ. ಮುಂಗಾರಿಗೆ ಕಾಲುವೆಯಲ್ಲಿ ನೀರು ಹರಿದಿತ್ತು. ಅಲ್ಲಿ ಬಿದ್ದ 10 ಲಕ್ಷಕ್ಕೆ ಡ್ಯಾಮನ್ನು ದೂರುವಂತಿಲ್ಲ. “ಈ ವರ್ಷ ಮಾರ್ಕೆಟ್ಟೇ ಸರಿ ಇರಲಿಲ್ಲ” ಅನ್ನುವ ದೊಡ್ಡ ಮಾತು ಇಲ್ಲಿಗೆ ಅರ್ಧ ಕರಗುತ್ತದೆ. ಕೆಟ್ಟದ್ದು ಪೂರ್ತಿ ಮಾರ್ಕೆಟ್ ಅಲ್ಲ, ಅದರ ಒಂದು ತುಂಡು.

ಹತ್ತಿ, ತೊಗರಿಯ 4 ಲಕ್ಷವನ್ನು ನಾನು ಕೆದಕುವುದಿಲ್ಲ. 50ರಲ್ಲಿ 4 ಅತ್ತಿತ್ತ ಆಗುವುದು ಪ್ರತಿ ವರ್ಷದ ಮಾತು. ಪ್ರತಿ ಪೈಸೆಗೂ ಕಾರಣ ಹುಡುಕುತ್ತಾ ಕೂತರೆ ಇಲ್ಲದ ಕಾರಣಗಳೂ ಹುಟ್ಟಿಕೊಳ್ಳುತ್ತವೆ.

ಎಕರೆ ಲೆಕ್ಕ

ಎರಡನೇ ಬೆಳೆಯ 80 ಲಕ್ಷವನ್ನು ಎಕರೆಗೆ ಇಳಿಸೋಣ. ಏರಿಯಾದಲ್ಲಿ 80 ಸಾವಿರ ಎಕರೆ ನಾಟಿಯಾಗುತ್ತದೆ, ಎಕರೆಗೆ ಸರಾಸರಿ 100 ರೂಪಾಯಿ ನಮ್ಮ ಮಾಲು ಹೋಗುತ್ತದೆ ಅನ್ನುವುದು ಆ ಟಾರ್ಗೆಟಿನ ಒಳಗಿನ ಲೆಕ್ಕ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅದೇ. ಇದರಲ್ಲಿ ಎಕರೆ ಎಷ್ಟು ಅನ್ನುವುದು ಅವರ ಕೈಯಲ್ಲಿ ಇಲ್ಲ. ಎಕರೆಗೆ ಎಷ್ಟು ರೂಪಾಯಿ ಅನ್ನುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ. ನಾವು ಈ ಎರಡನ್ನು ಬೇರೆ ಮಾಡುತ್ತಿದ್ದೇವೆ.

ನೀರು ಬಾರದ ಮೇಲೂ ಬೋರ್‌ವೆಲ್ ಇದ್ದವರು, ಹಳ್ಳಕ್ಕೆ, ಹೊಳೆಗೆ ಪಂಪ್‌ಸೆಟ್ ಇಟ್ಟವರು ಒಂದಷ್ಟು ಭತ್ತ ಹಚ್ಚಿದರು. ಅದು 10 ಸಾವಿರ ಎಕರೆ ಅಂತಿಟ್ಟುಕೊಳ್ಳಿ. ಎಕರೆಗೆ ಅದೇ 100 ರೂಪಾಯಿಯಂತೆ ಈ ವರ್ಷಕ್ಕೆ ನ್ಯಾಯವಾದ ಟಾರ್ಗೆಟ್ 10 ಲಕ್ಷ. ಅವರು ಮಾಡಿದ್ದು 12 ಲಕ್ಷ. ಅಂದರೆ 80 ಲಕ್ಷದಲ್ಲಿ 70 ಲಕ್ಷವನ್ನು ನೀರು ಒಯ್ದಿದೆ. ಉಳಿದದ್ದರಲ್ಲಿ ಅವರು ಹಿಂದೆ ಬಿದ್ದಿಲ್ಲ.

ಹಾಗಂತ ಆ 2 ಲಕ್ಷ ಹೆಚ್ಚಿಗೆ ಮಾಡಿದ್ದಕ್ಕೆ ಬೆನ್ನು ತಟ್ಟಲು ಅವಸರ ಬೇಡ. ಸ್ವಂತ ನೀರು ಇದ್ದವರು ಸಾಮಾನ್ಯವಾಗಿ ಕೈಯಲ್ಲಿ ನಾಲ್ಕು ಕಾಸು ಇರುವ ರೈತರು. ಅಂಥವರು ಎಕರೆಗೆ ಖರ್ಚು ಮಾಡುವುದೂ ಜಾಸ್ತಿ. ಸರಾಸರಿ ಏರಿದ್ದು ಅದರಿಂದಲೂ ಇರಬಹುದು. ಇಂಥ ಕಡೆ ‘ಹಿಂದೆ ಬಿದ್ದಿಲ್ಲ’ ಅಂತ ಬರೆಯುವುದೇ ಸರಿ.

ಈ ಲೆಕ್ಕ ನಿಲ್ಲುವುದು ಎಕರೆ ಸರಿ ಇದ್ದರೆ ಮಾತ್ರ. ಇಲ್ಲೇ ಬಹಳ ಜನ ಎಡವುತ್ತಾರೆ. ಅಚ್ಚುಕಟ್ಟು ಎಷ್ಟು ಅಂತ ನೋಡಿ ಅದನ್ನೇ ಭತ್ತದ ಎಕರೆ ಅಂದುಕೊಳ್ಳುತ್ತಾರೆ. ಎಡದಂಡೆ ಅಚ್ಚುಕಟ್ಟಿನ ಬಹುಭಾಗ ಯೋಜನೆಯಲ್ಲಿ ಇದ್ದದ್ದು ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದವರೆಲ್ಲ ಭತ್ತಕ್ಕೆ ಇಳಿದರು, ಅಚ್ಚುಕಟ್ಟಿನ ಹೊರಗೂ ನೀರು ಹೋಯಿತು, ಕೊನೆ ಭಾಗದವರಿಗೆ ಪೇಪರಿನಲ್ಲಿ ಮಾತ್ರ ನೀರು ಉಳಿಯಿತು. ಹಾಗಾಗಿ ಅಚ್ಚುಕಟ್ಟಿನ ಅಂಕಿ ಗಂಗಾವತಿಯಲ್ಲಿ ನಿಜಕ್ಕಿಂತ ಕಡಿಮೆ ಇರಬಹುದು, ಸಿರವಾರದಲ್ಲಿ ನಿಜಕ್ಕಿಂತ ಹೆಚ್ಚಿರಬಹುದು. ಅದರ ಬದಲು ಪ್ರತಿ ಹಂಗಾಮಿಗೆ ಆಗುವ ಬೆಳೆ ಸಮೀಕ್ಷೆ ನೋಡಿ. ರೈತ ಸಂಪರ್ಕ ಕೇಂದ್ರದಲ್ಲಿ ಹೋಬಳಿವಾರು ಬಿತ್ತನೆ ಅಂಕಿ ಕೇಳಿ. ಆಮೇಲೆ ನಾಟಿ ಗ್ಯಾಂಗ್ ಕರೆತರುವವರನ್ನೋ ಭತ್ತದ ಬೀಜ ಮಾರುವ ಅಂಗಡಿಯವರನ್ನೋ ಕೇಳಿ. “ಹೋದ ಬೇಸಿಗಿಗೆ ಎಷ್ಟು ಚೀಲ ಬೀಜ ಹೋತು, ಈ ಸಲ ಎಷ್ಟು?” ಅಂತ ಕೇಳಿದರೆ ಅಂಗಡಿಯವರು ಅಂದಾಜು ಹೇಳಿಬಿಡುತ್ತಾರೆ. ಎರಡು ಮೂರು ಕಡೆಯ ಮಾತು ಒಂದೇ ದಿಕ್ಕಿಗಿದ್ದರೆ ಸಾಕು. ಎಕರೆ ಲೆಕ್ಕಕ್ಕೆ ಸರ್ವೆಯರ್ ಬೇಕಾಗಿಲ್ಲ.

ಒಂದೇ ಒಂದು ಎಚ್ಚರ. ಈ ಅಂಕಿಯನ್ನು ಅಪ್ರೈಸಲ್ ಆಗುವವರಿಂದಲೇ ತರಿಸಬೇಡಿ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ತನ್ನ ವರ್ಷ ಹಾಳಾದ ಮನುಷ್ಯನಿಗೆ ಎಲ್ಲ ಹೊಲವೂ ಬೀಳು ಬಿದ್ದಂತೆಯೇ ಕಾಣುತ್ತದೆ.

ಮುಂಗಾರಿನ ಹತ್ತು ಲಕ್ಷ

ಈಗ ಡ್ಯಾಮಿಗೆ ಸಂಬಂಧವಿಲ್ಲದ ಕೊರತೆಗೆ ಬರೋಣ. 1 ಕೋಟಿ 10 ಲಕ್ಷಕ್ಕೆ 1 ಕೋಟಿ ಆಗಿದೆ. ಎಕರೆ ಕಡಿಮೆ ಆಗಿಲ್ಲ. ಹಾಗಾದರೆ ಪೂರ್ತಿ ಅವರ ತಪ್ಪೇ? ಪ್ರಾಡಕ್ಟ್‌ವಾರು ನೋಡಿದರೆ ಕತೆ ಬೇರೆ ಇದೆ. ಜಿಗಿಹುಳುವಿನ ಔಷಧಿ, ಬೆಂಕಿ ರೋಗದ ಔಷಧಿ ಹೆಚ್ಚುಕಡಿಮೆ ಪ್ಲಾನಿನಂತೆ ಹೋಗಿವೆ. ಬಿದ್ದಿರುವುದು ಕಳೆನಾಶಕ.

ನಾಟಿ ಆದ ಮೇಲೆ ಹಾಕುವ ಕಳೆನಾಶಕಕ್ಕೆ ಕೆಲವೇ ದಿನಗಳ ಗಡುವು. ಕಳೆ ಮೊಳೆಯುವ ಮೊದಲೇ ಹಾಕುವ ಮಾಲು ಗಡುವು ಮುಗಿದ ಮೇಲೆ ಅಂಗಡಿಗೆ ಬಂದರೆ ಆ ಹಂಗಾಮಿನ ಮಾರಾಟ ಹೋದ ಹಾಗೆ. ರೈತ ಆಗಲೇ ಬೇರೆ ಕಂಪನಿಯದ್ದು ಹಾಕಿ ಮುಗಿಸಿರುತ್ತಾನೆ. ನಮ್ಮ ಉದಾಹರಣೆಯಲ್ಲಿ ಕಂಪನಿಯ ಡಿಪೋದಿಂದ ಮಾಲು ತಡವಾಗಿ ಬಂದಿದೆ. ಆರ್ಡರ್ ಹಾಕಿದ ತಾರೀಖು, ಲಾರಿ ಬಂದ ತಾರೀಖು ಎರಡೂ ಸಿಸ್ಟಮಿನಲ್ಲಿ ಸಿಗುತ್ತವೆ. ಪಕ್ಕದ ಏರಿಯಾಗಳಲ್ಲೂ ಅದೇ ಮಾಲಿನ ಮಾರಾಟ ಅದೇ ವಾರ ಬಿದ್ದಿದ್ದರೆ ತೀರ್ಮಾನ ಸುಲಭ. ಇದು ಮಾರ್ಕೆಟಿನದ್ದೂ ಅಲ್ಲ, ಮಾರುವವನದ್ದೂ ಅಲ್ಲ, ನಮ್ಮದು. 10 ಲಕ್ಷದಲ್ಲಿ 6 ಲಕ್ಷ ಇದಕ್ಕೆ ಸೇರುತ್ತದೆ ಅಂತಿರಲಿ.

ಕಂಪನಿಯ ಈ ಪಾಲನ್ನು ಬರೆಯಲು ಮ್ಯಾನೇಜರುಗಳು ಹಿಂಜರಿಯುತ್ತಾರೆ. ಬರಗಾಲ, ಡ್ಯಾಮು, ಬೆಲೆ ಕುಸಿತ ಅಂತ ಬರೆಯುವುದು ಸುಲಭ, ಯಾರಿಗೂ ನೋವಾಗುವುದಿಲ್ಲ. ‘ಡಿಪೋ ತಡ ಮಾಡಿತು’ ಅಂತ ಬರೆದರೆ ಇನ್ನೊಂದು ಡಿಪಾರ್ಟ್‌ಮೆಂಟಿನ ಜೊತೆ ಜಗಳ. ಹಾಗಾಗಿ ಈ 6 ಲಕ್ಷ ಸುಮ್ನೆ ಹುಡುಗನ ತಲೆಗೆ ಬೀಳುತ್ತದೆ.

ಉಳಿದ 4 ಲಕ್ಷ ಮಾತ್ರ ಅವರದ್ದು. ಎರಡು ದೊಡ್ಡ ಅಂಗಡಿಗಳಲ್ಲಿ ನಮ್ಮ ಜಾಗವನ್ನು ಕಡಿಮೆ ಬೆಲೆಯ ಮಾಲು ಹಿಡಿದುಕೊಂಡಿದೆ. ಅದು ಗೊತ್ತಾಗಿದ್ದು ಅವರು ಆ ಕಡೆ ಹಾಯದೆ ಬಹಳ ದಿನ ಕಳೆದ ಮೇಲೆ. ಇದನ್ನು ಬಿಡದೆ ಹೇಳಬೇಕು. 70 ಲಕ್ಷದ ಮಾತಿನಲ್ಲಿ ಇದನ್ನು ಮುಚ್ಚಿ ಹಾಕಿದರೆ ಮುಂದಿನ ವರ್ಷ ನೀರು ಬಂದರೂ ಆ ಅಂಗಡಿಗಳು ವಾಪಸ್ ಬರುವುದಿಲ್ಲ.

ಈಗ ಕೂಡಿಸೋಣ. 2 ಕೋಟಿ 40 ಲಕ್ಷದಲ್ಲಿ ನೀರಿನ 70 ಲಕ್ಷ ಕಳೆಯಿರಿ, ಡಿಪೋದ 6 ಲಕ್ಷ ಕಳೆಯಿರಿ. ಉಳಿದದ್ದು 1 ಕೋಟಿ 64 ಲಕ್ಷ. ಅದಕ್ಕೆ 1 ಕೋಟಿ 58 ಲಕ್ಷ ಅಂದರೆ ನೂರಕ್ಕೆ 96. ನೂರಕ್ಕೆ 66 ಅಂತ ಹೊರಟ ಮನುಷ್ಯ ಇಲ್ಲಿ ನಿಂತಿದ್ದಾನೆ.

80 ಮಾಡಿದವನ ಅಂಗಡಿ ಸ್ಟಾಕ್

ಇಷ್ಟಕ್ಕೇ ನಿಲ್ಲಿಸಬಾರದು. ಪಕ್ಕದ ಮಾನ್ವಿ ಏರಿಯಾದವರು ಅದೇ ವರ್ಷ ನೂರಕ್ಕೆ 80 ಮಾಡಿದ್ದಾರೆ ಅಂತಿಟ್ಟುಕೊಳ್ಳಿ. ಟಾರ್ಗೆಟ್ 2 ಕೋಟಿ, ಬಿಲ್ ಆಗಿದ್ದು 1 ಕೋಟಿ 60 ಲಕ್ಷ. ಮೀಟಿಂಗಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. “ಅವರಿಗೂ ನೀರಿರಲಿಲ್ಲ, ಅದೂ ಕಾಲುವೆಯ ಕೊನೆ ಭಾಗ. ಅವರು ಮಾಡಿಲ್ವಾ?”

ಈ ಪ್ರಶ್ನೆಗೆ ಉತ್ತರ ಆಫೀಸಿನಲ್ಲಿ ಸಿಗುವುದಿಲ್ಲ, ಡೀಲರ್ ಗೋದಾಮಿನಲ್ಲಿ ಸಿಗುತ್ತದೆ. ನಮ್ಮ ವ್ಯಾಪಾರದಲ್ಲಿ ಬಿಲ್ ಹಾಕಿ ಅಂಗಡಿಗೆ ಮಾಲು ಇಳಿಸುವುದು ಪ್ಲೇಸ್‌ಮೆಂಟ್. ಅಂಗಡಿಯಿಂದ ರೈತ ಒಯ್ಯುವುದು ಲಿಕ್ವಿಡೇಷನ್. ಕಂಪನಿಯ ಲೆಕ್ಕದಲ್ಲಿ ಮೊದಲನೆಯದೇ ಮಾರಾಟ. ನೀರಿಲ್ಲದ ವರ್ಷ ಇವೆರಡರ ನಡುವಿನ ಅಂತರ ಭಯಂಕರವಾಗಿ ಹಿಗ್ಗುತ್ತದೆ. ಮಾರ್ಚ್ ಕೊನೆಯ ವಾರ ಡೀಲರಿಗೆ ಫೋನ್ ಮಾಡಿ “ಅಣ್ಣಾ, ಒಂದ್ ಲೋಡ್ ಇಳಿಸ್ಕೊ, ಏಪ್ರಿಲ್‌ದಾಗ ವಾಪಸ್ ತಗೋತೀನಿ” ಅಂದರೆ ಟಾರ್ಗೆಟ್ ಆದಂತೆ ಕಾಣುತ್ತದೆ. ಡೀಲರ್ ಒಪ್ಪುತ್ತಾನೆ, ಯಾಕಂದ್ರೆ ದುಡ್ಡು ಈಗ ಕೊಡಬೇಕಾಗಿಲ್ಲ, ಸ್ಕೀಮ್ ಸಿಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ವರ್ಷದ ಬಿಲ್ಲಿನಲ್ಲಿ ಮಾರ್ಚ್ ಕೊನೆಯ ಹತ್ತು ದಿನದ ಪಾಲು ಎಷ್ಟು ಅಂತ ನೋಡಿ. ಭತ್ತವೇ ಇಲ್ಲದ ಕಾಲದಲ್ಲಿ ಭತ್ತದ ಔಷಧಿಗೆ ಬಿಲ್ ಆಗಿದೆಯೇ ನೋಡಿ. ಆಮೇಲೆ ಹೇಳದೆ ಕೇಳದೆ ನಾಲ್ಕೈದು ಅಂಗಡಿಗೆ ಹೋಗಿ ಪೆಟ್ಟಿಗೆ ಎಣಿಸಿ, ಬ್ಯಾಚಿನ ತಯಾರಿಕೆ ತಾರೀಖು ಓದಿ. ಕೀಟನಾಶಕಕ್ಕೆ ಎಕ್ಸ್‌ಪೈರಿ ಇದೆ. ಮುಂದಿನ ಹಂಗಾಮಿನಲ್ಲಿ ಹೋಗದಿದ್ದರೆ ಅದು ಸೇಲ್ಸ್ ರಿಟರ್ನ್ ಆಗಿ ಬಂದೇ ಬರುತ್ತದೆ, ಸಾಗಾಟದ ಖರ್ಚೂ ನಮ್ಮ ತಲೆಗೆ.

ಮಾನ್ವಿಯ ಅಂಗಡಿಗಳಲ್ಲಿ ಮಾಮೂಲಿಗಿಂತ 45 ಲಕ್ಷದ ಮಾಲು ಹೆಚ್ಚಿಗೆ ಕೂತಿದೆ ಅಂತ ಗೊತ್ತಾಯಿತು ಅನ್ನಿ. ಹಾಗಾದರೆ ನಿಜವಾಗಿ ಹೋದದ್ದು 1 ಕೋಟಿ 15 ಲಕ್ಷ. ಸಿಂಧನೂರಿಗೆ ಹಾಕಿದ ಲೆಕ್ಕವನ್ನೇ ಇಲ್ಲಿಗೂ ಹಾಕಬೇಕು. ಅವರ ಟಾರ್ಗೆಟಿನಲ್ಲಿ ಎರಡನೇ ಬೆಳೆಯದ್ದು 70 ಲಕ್ಷ ಇತ್ತು, ಎಕರೆ ಹತ್ತನೇ ಒಂದು ಪಾಲಿಗೆ ಇಳಿಯಿತು, ಹಾಗಾಗಿ 63 ಲಕ್ಷ ಕಳೆಯಬೇಕು. ಕಳೆನಾಶಕ ತಡವಾದದ್ದಕ್ಕೆ 5 ಲಕ್ಷ. ನ್ಯಾಯವಾದ ಟಾರ್ಗೆಟ್ 1 ಕೋಟಿ 32 ಲಕ್ಷ. 1 ಕೋಟಿ 15 ಲಕ್ಷ ಅಂದರೆ ನೂರಕ್ಕೆ 87. ಪಟ್ಟಿಯಲ್ಲಿ ಮೇಲಿದ್ದವರು ಕೆಳಗೆ ಬಂದರು, ಕೆಳಗಿದ್ದವರು ಮೇಲೆ ಹೋದರು.

ಸಿಂಧನೂರಿನವರ ಅಂಗಡಿಗಳಲ್ಲೂ ಇದೇ ಎಣಿಕೆ ಆಗಬೇಕು, ಮರೆಯಬೇಡಿ. ಅಲ್ಲಿ ಸ್ಟಾಕ್ ಮಾಮೂಲಿ ಇದ್ದರೆ ಮಾತ್ರ ಆ 96 ನಿಲ್ಲುತ್ತದೆ. ಜೊತೆಗೆ ಕಲೆಕ್ಷನ್ ನೋಡಿ. ಮುಂಗಾರು ಭತ್ತ ಡಿಸೆಂಬರಿನ ಹೊತ್ತಿಗೆ ಕಟಾವಾಗಿ ಗಂಜ್ ಮಾರುಕಟ್ಟೆಗೆ ಹೋಗಿರುತ್ತದೆ. ಆಗ ರೈತ ಅಂಗಡಿಯ ಉದ್ರಿ ತೀರಿಸುತ್ತಾನೆ, ಅಂಗಡಿಯವರು ನಮ್ಮದು ತೀರಿಸುತ್ತಾರೆ. ಎರಡನೇ ಬೆಳೆ ಇಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಕೈಯಲ್ಲಿರುವ ದುಡ್ಡು ಬಿಗಿ ಹಿಡಿಯುತ್ತಾರೆ. ಅಂಥ ವರ್ಷ ಮುಂಗಾರಿನ ಬಾಕಿಯನ್ನು ಬಹುಪಾಲು ವಸೂಲಿ ಮಾಡಿದವರು, ಬೆಳೆ ಚೆನ್ನಾಗಿದ್ದ ವರ್ಷ 120 ಮಾಡಿದವರಿಗಿಂತ ಕಷ್ಟದ ಕೆಲಸ ಮಾಡಿದ್ದಾರೆ. ನನ್ನ ಮಟ್ಟಿಗೆ ನೀರಿಲ್ಲದ ವರ್ಷದ ಅಪ್ರೈಸಲಿನಲ್ಲಿ ಮಾರಾಟಕ್ಕಿಂತ ವಸೂಲಿಗೆ ತೂಕ ಜಾಸ್ತಿ.

ಯಾವಾಗ ಗೊತ್ತಿತ್ತು, ಆಮೇಲೆ ಏನು ಮಾಡಿದರು

‘ಕೈಮೀರಿದ ಕಾರಣ’ ಅನ್ನುವುದರಲ್ಲೂ ತರಾವರಿ ಇದೆ. ತುಂಗಭದ್ರೆಯ ಹತ್ತಿರ ಹತ್ತಿರದ ಮೂರು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

2023ರಲ್ಲಿ ಮಳೆಯೇ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆ ಇಲ್ಲವಾಯಿತು. ಏಪ್ರಿಲಿನಲ್ಲಿ ಟಾರ್ಗೆಟ್ ಕೊಡುವಾಗ ಇದನ್ನು ಯಾರೂ ಹೇಳುವಂತಿರಲಿಲ್ಲ. ಆದರೆ ಸೆಪ್ಟೆಂಬರ್ ಹೊತ್ತಿಗೆ ಎಲ್ಲರ ಕಣ್ಣಿಗೂ ಕಂಡಿತ್ತು.

2024ರ ಕತೆ ಬೇರೆ. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋಯಿತು. ಕಣ್ಣೆದುರೇ ಟಿಎಂಸಿ ಲೆಕ್ಕದಲ್ಲಿ ನೀರು ಹರಿದು ಹೋಯಿತು. ಆ ವಾರ ಅಂಗಡಿಯವರೆಲ್ಲ ಆರ್ಡರ್ ನಿಲ್ಲಿಸಿದರೆ ಅದು ಸಹಜವೇ. ಆದರೆ ಒಂದೇ ವಾರದಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಆಮೇಲೆ ಮಳೆ ಬಂದು ಡ್ಯಾಮ್ ಮತ್ತೆ ತುಂಬಿತು. ಎರಡನೇ ಬೆಳೆಗೂ ನೀರು ಸಿಕ್ಕಿತು. ಹಾಗಾಗಿ 2024-25ರ ಅಪ್ರೈಸಲಿನಲ್ಲಿ “ಗೇಟ್ ಹೋತಲ್ರಿ ಸರ್” ಅಂದರೆ ಅದು ಆಗಸ್ಟ್ ತಿಂಗಳಿಗೆ ಕಾರಣ, ವರ್ಷಕ್ಕಲ್ಲ. ಸುದ್ದಿ ದೊಡ್ಡದಾಗಿತ್ತು ಅಂದ ಮಾತ್ರಕ್ಕೆ ಮಾರಾಟದ ಮೇಲೆ ಅದರ ಏಟೂ ದೊಡ್ಡದಿರಬೇಕಾಗಿಲ್ಲ. ಎಕರೆ ಕಡಿಮೆ ಆಗಿಲ್ಲದಿದ್ದರೆ ಟಾರ್ಗೆಟೂ ಕಡಿಮೆ ಆಗುವುದಿಲ್ಲ.

2025-26 ಇವೆರಡರ ನಡುವಿನದ್ದು. ಗೇಟುಗಳು ಹಳೆಯವು, ಸುಮಾರು 105 ಟಿಎಂಸಿ ಹಿಡಿಯುವ ಡ್ಯಾಮಿನಲ್ಲಿ ಈ ಸಲ 80 ಟಿಎಂಸಿಗೆ ಮಿತಿ ಅಂತ ಮುಂಗಾರಿನ ಆರಂಭದಲ್ಲೇ ಸುದ್ದಿ ಇತ್ತು. ಎರಡನೇ ಬೆಳೆ ಅನುಮಾನ ಅನ್ನುವುದು ಅಲ್ಲಿಂದಲೇ ಶುರು. ಪೂರ್ತಿ ಖಾತ್ರಿಯಾದದ್ದು ನವೆಂಬರಿನಲ್ಲಿ.

ನೀರು ಕೈಯಲ್ಲಿ ಇರಲಿಲ್ಲ ನಿಜ. ಆದರೆ ಅನುಮಾನ ಬಂದ ದಿನದಿಂದ ಏನು ಮಾಡಿದರು ಅನ್ನುವುದು ಅವರ ಕೈಯಲ್ಲೇ ಇತ್ತು. ಆಗಸ್ಟ್, ಸೆಪ್ಟೆಂಬರಿನಲ್ಲಿ “ಎರಡನೇ ಬೆಳೆ ಕಷ್ಟ ಕಾಣುತ್ತದೆ, ನನ್ನ ಏರಿಯಾದ ಜನವರಿ-ಮಾರ್ಚ್ ಅಂದಾಜು ಇಷ್ಟಕ್ಕೆ ಇಳಿಸಿ” ಅಂತ ಬರೆದು ಕಳಿಸಿದ್ದಾರೆಯೇ? ಡಿಸೆಂಬರಿಗೆ ಬರಬೇಕಿದ್ದ ಭತ್ತದ ಮಾಲಿನ ಇಂಡೆಂಟ್ ಕಡಿಮೆ ಮಾಡಿಸಿದ್ದಾರೆಯೇ? ಹಾಗೆ ಮಾಡಿದ್ದರೆ ಕಂಪನಿಗೆ ಬೇಡದ ಸ್ಟಾಕ್ ತಪ್ಪಿಸಿದ್ದಾರೆ. ಅದು ಮಾರಾಟದ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ, ನೀವೇ ಹುಡುಕಿ ಬರೆಯಬೇಕು. ಮೇಲ್, ವಾಟ್ಸಾಪ್ ಮೆಸೇಜಿನ ತಾರೀಖು ನೋಡಿದರೆ ಸಾಕು. ಇದೇ ಮಾತು ಮೊದಲ ಬಾರಿಗೆ ಏಪ್ರಿಲಿನಲ್ಲಿ ಅಪ್ರೈಸಲ್ ಟೇಬಲ್ಲಿನ ಮೇಲೆ ಬಂದರೆ ಅದರ ತೂಕ ಬಹಳ ಕಡಿಮೆ.

ಬೇರೆ ಬೆಳೆಗೆ ತಿರುಗಬಹುದಿತ್ತಲ್ಲ ಅಂತ ಹೆಡ್ ಆಫೀಸಿನವರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಕರಿಮಣ್ಣಿನ ಖುಷ್ಕಿ ಹೊಲಗಳಲ್ಲಿ ಕಡಲೆ, ಬಿಳಿಜೋಳ ಇರುತ್ತವೆ. ಆದರೆ ಅವುಗಳ ಬಿತ್ತನೆ ಆಗುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರಿನೊಳಗೆ. ಭತ್ತ ಕಟಾವಾಗಿ ಗದ್ದೆ ಆರುವ ಹೊತ್ತಿಗೆ ಆ ಕಾಲ ಬಹುತೇಕ ಮುಗಿದಿರುತ್ತದೆ. ಮೇಲಾಗಿ ಜೋಳಕ್ಕೆ ರೈತ ಹೊಡೆಯುವ ಎಣ್ಣಿ ಭತ್ತದ ಮುಂದೆ ಲೆಕ್ಕಕ್ಕೇ ಇಲ್ಲ. ಕಡಲೆಯ ಕಾಯಿಕೊರಕಕ್ಕೆ ಒಂದೆರಡು ಸಲ ಹೊಡೆಯಬಹುದು, ಅಷ್ಟೆ. ಹಾಗಾಗಿ 70 ಲಕ್ಷದ ಗುಂಡಿಯನ್ನು ಕಡಲೆಯಿಂದ ತುಂಬಿಸಲು ಆಗುವುದಿಲ್ಲ. ಪ್ರಯತ್ನ ಇತ್ತೇ ಅಂತ ನೋಡಿ, ಮೊತ್ತ ನೋಡಬೇಡಿ. ಖುಷ್ಕಿ ಊರುಗಳಲ್ಲಿ ಹೊಸ ಅಂಗಡಿ ತೆರೆಸಿದ್ದರೆ, ರೈತರ ಮೀಟಿಂಗ್ ಮಾಡಿದ್ದರೆ ಅದು ಟೂರ್ ರಿಪೋರ್ಟಿನಲ್ಲಿ ಇರುತ್ತದೆ.

ಫಾರ್ಮಿನಲ್ಲಿ ಬರೆಯುವುದು, ಎದುರು ಕೂತು ಹೇಳುವುದು

‘ಮಾರುಕಟ್ಟೆ ಪರಿಸ್ಥಿತಿ ಪ್ರತಿಕೂಲವಾಗಿದ್ದರಿಂದ ಗುರಿ ತಲುಪಲಾಗಲಿಲ್ಲ’ ಅಂತ ಬರೆದರೆ ಮೇಲಿನವರು ಅದನ್ನು ನೆಪ ಅಂತಲೇ ಓದುತ್ತಾರೆ. ಅವರದೂ ತಪ್ಪಿಲ್ಲ, ಆ ವಾಕ್ಯದಲ್ಲಿ ಹಿಡಿಯಲು ಏನೂ ಇಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

‘ಒಟ್ಟು ಸಾಧನೆ ನೂರಕ್ಕೆ 66. ಎರಡನೇ ಬೆಳೆಗೆ ಕಾಲುವೆ ನೀರು ಇಲ್ಲದ್ದರಿಂದ ಭತ್ತದ ಕ್ಷೇತ್ರ 80 ಸಾವಿರದಿಂದ 10 ಸಾವಿರ ಎಕರೆಗೆ ಇಳಿಯಿತು, ಪರಿಣಾಮ 70 ಲಕ್ಷ. ಕಳೆನಾಶಕ ಸರಬರಾಜು ತಡ, ಪರಿಣಾಮ 6 ಲಕ್ಷ, ಮೂರು ಏರಿಯಾಗಳಲ್ಲೂ ಕಂಡಿದೆ. ಇವೆರಡು ಬಿಟ್ಟರೆ ಸಾಧನೆ ನೂರಕ್ಕೆ 96. ಅಂಗಡಿ ಸ್ಟಾಕ್ ಎಣಿಸಲಾಗಿದೆ, ಮಾಮೂಲಿ ಮಟ್ಟದಲ್ಲಿದೆ. ಸೆಪ್ಟೆಂಬರಿನಲ್ಲೇ ಅಂದಾಜು ಇಳಿಸಿ ಬರೆದಿದ್ದಾರೆ. ಎರಡು ದೊಡ್ಡ ಡೀಲರ್‌ಗಳಲ್ಲಿ ಪಾಲು ಕಳೆದುಕೊಂಡಿದ್ದಾರೆ, ಭೇಟಿ ಕಡಿಮೆ. ಜೂನ್ ಒಳಗೆ ಸರಿಪಡಿಸಬೇಕು.’

ರೇಟಿಂಗ್? ‘ನಿರೀಕ್ಷೆಯಂತೆ’. ಅದಕ್ಕಿಂತ ಮೇಲಲ್ಲ, ಕೆಳಗೂ ಅಲ್ಲ.

ಮಾತಾಡುವಾಗ ಎರಡನ್ನೂ ಬೇರೆ ಬೇರೆ ಹೇಳಬೇಕು. ಮೊದಲು 70 ಲಕ್ಷದ ವಿಷಯ ಮುಗಿಸಿ: “ಇದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ನಾನು ಎಕರೆ ನೋಡಿದ್ದೇನೆ.” ಆಮೇಲೆ ಅಂಗಡಿಗಳ ಮಾತು: “ಈ ಎರಡು ಅಂಗಡಿಗೆ ಮೂರು ತಿಂಗಳು ಯಾಕೆ ಹೋಗಲಿಲ್ಲ, ಹೇಳಿ.” ಎರಡನ್ನೂ ಕಲಸಿ “ಒಟ್ಟಾರೆ ಪರವಾಗಿಲ್ಲ, ಆದರೂ ಇನ್ನೂ ಚೆನ್ನಾಗಿ ಮಾಡಬಹುದಿತ್ತು” ಅಂದರೆ ಆತನಿಗೆ ಕೇಳಿಸುವುದು ಒಂದೇ, ನೀರು ಬಾರದ್ದಕ್ಕೂ ನಾನೇ ಹೊಣೆ ಅಂತ.

ದುಡ್ಡಿನ ಮಾತು ಬೇರೆ. ರೇಟಿಂಗ್ ಮನುಷ್ಯನ ಕೆಲಸಕ್ಕೆ ಸೇರಿದ್ದು. ಇನ್ಸೆಂಟಿವ್ ಬಂದ ಮಾರಾಟದಿಂದ ಹುಟ್ಟುವ ದುಡ್ಡು. ಮಾರಾಟವೇ ಇಲ್ಲದ ಕ್ವಾರ್ಟರಿನಲ್ಲಿ ಪೂರ್ತಿ ಇನ್ಸೆಂಟಿವ್ ಕೊಡಿ ಅಂತ ನಾನು ವಾದಿಸುವುದಿಲ್ಲ, ಕಂಪನಿಗೂ ಆ ದುಡ್ಡು ಬಂದಿಲ್ಲ. ಆದರೆ ಇನ್ಸೆಂಟಿವ್ ಹೋಯಿತು ಅಂತ ರೇಟಿಂಗೂ, ಇನ್ಕ್ರಿಮೆಂಟೂ, ಪ್ರಮೋಷನ್ನೂ ಹೋದರೆ ಒಂದೇ ಬರಕ್ಕೆ ನಾಲ್ಕು ಸಲ ದಂಡ ಕಟ್ಟಿದಂತೆ. ಆ ಕ್ವಾರ್ಟರಿಗೆ ವಸೂಲಿಯ ಮೇಲೆ ಒಂದು ಸಣ್ಣ ಇನ್ಸೆಂಟಿವ್ ಇಟ್ಟರೆ ಒಳ್ಳೆಯದು. ನವೆಂಬರಿನಲ್ಲೇ ಅದನ್ನು ಘೋಷಿಸಬೇಕು. ಆಗ ಹುಡುಗರು ಸುಳ್ಳು ಬಿಲ್ ಹಾಕುವ ಬದಲು ಬಾಕಿ ತರಲು ಓಡಾಡುತ್ತಾರೆ.

ಕೊನೆಗೆ ಒಂದು ಕಹಿ ಮಾತು. ಇದೇ ಲೆಕ್ಕ ಒಳ್ಳೆಯ ವರ್ಷಕ್ಕೂ ಸಲ್ಲಬೇಕು. ಜಿಗಿಹುಳು ಜೋರಾಗಿ ಬಿದ್ದ ಮುಂಗಾರಿನಲ್ಲಿ ಯಾವ ಕಂಪನಿಯ ಡಬ್ಬಿಯಾದರೂ ಖಾಲಿಯಾಗುತ್ತದೆ. ಆಗ ನೂರಕ್ಕೆ 130 ಮಾಡಿದವರಿಗೂ “ಏರಿಯಾದಲ್ಲಿ ಒಟ್ಟು ಬೇಡಿಕೆಯೇ ಒಂದೂವರೆ ಪಟ್ಟು ಆಗಿತ್ತಲ್ಲ” ಅಂತ ಹೇಳುವ ಧೈರ್ಯ ಬೇಕು. ಕೆಟ್ಟ ವರ್ಷ ಮಾತ್ರ ಟಾರ್ಗೆಟ್ ಇಳಿಸಿ, ಒಳ್ಳೆಯ ವರ್ಷ ಸುಮ್ಮನಿದ್ದರೆ ಅದು ಕೇವಲ ರಿಯಾಯಿತಿ, ಬೇರೆಯವರು ಅದನ್ನು ಹಾಗೇ ನೋಡುತ್ತಾರೆ. ಅದಕ್ಕೇ ನಿಯಮವನ್ನು ಏಪ್ರಿಲಿನಲ್ಲೇ ಟಾರ್ಗೆಟ್ ಲೆಟರಿನಲ್ಲಿ ಹಾಕಿಬಿಡಬೇಕು. ಭತ್ತದ ಟಾರ್ಗೆಟ್ ಇಷ್ಟು ಎಕರೆಗೆ ಅಂತ ಬರೆದು, ಎಕರೆ ನೂರಕ್ಕೆ 15ಕ್ಕಿಂತ ಜಾಸ್ತಿ ಮೇಲೆ ಅಥವಾ ಕೆಳಗೆ ಹೋದರೆ ಅದೇ ಪ್ರಮಾಣದಲ್ಲಿ ಟಾರ್ಗೆಟ್ ಬದಲಾಗುತ್ತದೆ, ನೀರಾವರಿ ಸಲಹಾ ಸಮಿತಿಯ ತೀರ್ಮಾನ ಬಂದ ಹದಿನೈದು ದಿನದೊಳಗೆ ಹೊಸ ಅಂಕಿ ಕೊಡುತ್ತೇವೆ ಅಂತ ಸೇರಿಸಬೇಕು. ಮುಂದಿನ ವರ್ಷದ ಟಾರ್ಗೆಟನ್ನು 1 ಕೋಟಿ 58 ಲಕ್ಷಕ್ಕೆ ನೂರಕ್ಕೆ ಇಷ್ಟು ಸೇರಿಸಿ ಮಾಡಬೇಡಿ. ನೀರು ಬಂದರೆ ಅದು ತೀರಾ ಸುಲಭ, ಬಾರದಿದ್ದರೆ ಮತ್ತೆ ಇದೇ ಜಗಳ. ಎರಡನೇ ಬೆಳೆಯನ್ನು ಬೇರೆ ಸಾಲಿನಲ್ಲಿ ಇಡಿ, ಅದರ ಎದುರು ಎಕರೆ ಬರೆಯಿರಿ, ಇಬ್ಬರೂ ಸಹಿ ಹಾಕಿ.